‘ಗಡಿ ಕಾವಲು’ ಆಟ ಎಲ್ಲಿಗೆ ಬಂತು: ಸರದಿ, ಬಾಣ ಮತ್ತು ಮೂರು ಆನೆ

ರಟ್ಟಿನ ಹಲಗೆಯ ಮೇಲೆ ಆಡುತ್ತಿದ್ದ ‘ಗಡಿ ಕಾವಲು’ ಕೊನೆಗೂ ಕಂಪ್ಯೂಟರಿನಲ್ಲಿ ಓಡುತ್ತಿದೆ. ಚಿತ್ರಗಳಿನ್ನೂ ಇಲ್ಲ. ಆನೆಗೆ ಬೂದು ಚೌಕ, ಬೆಳೆಗೆ ಹಸಿರು ಚೌಕ, ಕಾವಲಿನವರಿಗೆ ಮೂರು ಬಣ್ಣದ ಬಿಲ್ಲೆಗಳು. ಆದರೆ ನಿಯಮಗಳು ಗಟ್ಟಿಯಾಗಿವೆ. ಈ ಸಲ ಬರೆಯಬೇಕಾಗಿರುವುದೂ ಅವುಗಳ ಬಗ್ಗೆಯೇ.

ಹೊಸಬರಿಗಾಗಿ ಒಂದಿಷ್ಟು ಹಿನ್ನೆಲೆ. ನಮ್ಮ ಕೋಲಾರ ಜಿಲ್ಲೆಯ ಬಂಗಾರಪೇಟೆ, ಮಾಲೂರು ಕಡೆಯ ಗಡಿ ಊರುಗಳಿಗೆ ತಮಿಳುನಾಡಿನ ಕಾಡಿನಿಂದ ಆನೆಗಳು ಬಂದು ಬೆಳೆ ತುಳಿಯುವುದು ಹಳೆಯ ಗೋಳು. ಅದನ್ನೇ ಆಟದ ವಸ್ತುವಾಗಿ ಇಟ್ಟುಕೊಂಡೆ. ಹಲಗೆಯಲ್ಲಿ ಆರಕ್ಕೆ ಆರರಂತೆ 36 ಮನೆ. ಪಶ್ಚಿಮದಿಂದ ಪೂರ್ವಕ್ಕೆ ಕ, ಚ, ಟ, ತ, ಪ, ಯ. ಉತ್ತರದ ಊರಿನಿಂದ ದಕ್ಷಿಣದ ಕಾಡಿಗೆ 1ರಿಂದ 6. ಆನೆಯನ್ನು ಕೊಲ್ಲುವ ಮಾತೇ ಇಲ್ಲ, ಸರಿಸುವುದಷ್ಟೇ. ಐದು ಸರದಿ ತಡೆದುಕೊಂಡರೆ ಬೆಳಗಾಗುತ್ತದೆ, ಉಳಿದ ಬೆಳೆಯೇ ನಿಮ್ಮ ಅಂಕ.

ಕಾವಲಿಗೆ ಮೂವರು. ಸರದಿಗೆ ಒಬ್ಬೊಬ್ಬರು ಮೂರು ಮನೆಯವರೆಗೆ ನಡೆದು ಒಂದು ಕೆಲಸ ಮಾಡಬಹುದು. ತಮಟೆಯವನು ಪಕ್ಕದ ಮನೆಯಲ್ಲಿರುವ ಆನೆಯನ್ನು ತನ್ನಿಂದ ಆಚೆಗೆ ಒಂದು ಮನೆ ಸರಿಸುತ್ತಾನೆ. ಪಟಾಕಿಯವನು ನೇರ ಸಾಲಿನಲ್ಲಿ ಕನಿಷ್ಠ ಎರಡು ಮನೆ ದೂರಕ್ಕೆ ಎಸೆಯುತ್ತಾನೆ. ಪಟಾಕಿ ಬಿದ್ದ ಮನೆಯ ನಾಲ್ಕೂ ಪಕ್ಕದ ಆನೆಗಳು ಹೊರಮುಖವಾಗಿ ಒಂದೊಂದು ಮನೆ ಸರಿಯುತ್ತವೆ. ಪಂಜಿನವನು ಕಾಡುದಾರಿಯ ಬಾಯಲ್ಲಿ ನಿಂತರೆ ಅಲ್ಲಿಂದ ಹೊಸ ಆನೆ ಬರುವುದಿಲ್ಲ. ಬೆಳೆಯಿರುವ ಮನೆಗೆ ಕಾವಲಿನವರೂ ಕಾಲಿಡುವಂತಿಲ್ಲ, ರೈತರು ಸುಮ್ಮನಿರುವುದಿಲ್ಲ. ತಮಟೆ ಬಾರಿಸಿದರೆ ಆನೆ ಹೇಳಿದ ದಿಕ್ಕಿಗೇ ಹೋಗುತ್ತದೆ ಎಂಬುದು ಹಲಗೆಯ ಮೇಲಿನ ಸತ್ಯ ಮಾತ್ರ. ಗಡಿ ಊರಿನವರು ಇದನ್ನು ಕೇಳಿದರೆ ನಕ್ಕಾರು.

ಇದನ್ನೆಲ್ಲ ಮಾಡಹೊರಟಿದ್ದು ನಮ್ಮ ಬೀದಿಯ ನಿವೃತ್ತ ಮೇಷ್ಟರೊಬ್ಬರಿಂದಾಗಿ. ಚದುರಂಗದಲ್ಲಿ ಅವರನ್ನು ಸೋಲಿಸುವುದು ಕಷ್ಟ. ಆದರೆ ಮೊಬೈಲಿನಲ್ಲಿ ಗಡಿಯಾರ ಓಡುವ ಆಟ ಕೊಟ್ಟರೆ ಕೆಳಗಿಟ್ಟುಬಿಡುತ್ತಾರೆ. “ಯೋಚಿಸುವುದಕ್ಕೆ ಬಿಡದ ಮೇಲೆ ನನ್ನನ್ನು ಯಾಕೆ ಕರೆದೆಯಪ್ಪಾ?” ಎಂದು ಕೇಳಿದ್ದರು. ಗಡಿಯಾರ ತೆಗೆದರೆ ಸಾಕೇ ಎಂದರೆ, ಸಾಲದು. 2012ರ ‘ಎಕ್ಸ್‌ಕಾಮ್: ಎನಿಮಿ ಅನ್‌ನೋನ್’ ಸರದಿಯ ಆಟವೇ, ಅಲ್ಲಿ ಎಷ್ಟು ಹೊತ್ತು ಬೇಕಾದರೂ ಕುಳಿತು ಯೋಚಿಸಬಹುದು. ಆದರೆ ಗುಂಡು ತಗುಲುವ ಸಾಧ್ಯತೆಯನ್ನು ಶೇಕಡಾ ಲೆಕ್ಕದಲ್ಲಿ ತೋರಿಸಿ, ನೀವು ನಿರ್ಧರಿಸಿದ ಮೇಲೆ ಅದೃಷ್ಟದ ಕೈಗೆ ಬಿಡುತ್ತದೆ. ಆ ಎದೆಬಡಿತಕ್ಕೆ ಅದರದೇ ಅಭಿಮಾನಿಗಳಿದ್ದಾರೆ. ಮೇಷ್ಟರಂಥವರಿಗೆ ಮಾತ್ರ ಅದು ತಮ್ಮ ಲೆಕ್ಕಕ್ಕೆ ಆದ ಅವಮಾನ.

ಅದಕ್ಕೆ ಎದುರು ದಾರಿ ಹಿಡಿದದ್ದು 2018ರಲ್ಲಿ ಬಂದ ‘ಇನ್‌ಟು ದ ಬ್ರೀಚ್’. ಎಂಟಕ್ಕೆ ಎಂಟರ ಹಲಗೆ, ನಮ್ಮ ಕಡೆ ಮೂರೇ ಯಂತ್ರ. ಶತ್ರು ಈ ಸರದಿಯಲ್ಲಿ ಎಲ್ಲಿ ಹೊಡೆಯುತ್ತಾನೆ, ಯಾರು ಮೊದಲು ಹೊಡೆಯುತ್ತಾರೆ, ಮುಂದಿನ ಸರದಿಗೆ ಎಲ್ಲಿಂದ ಮೇಲೇಳುತ್ತಾರೆ ಎಂಬುದೆಲ್ಲ ನೀವು ಕೈ ಹಾಕುವ ಮೊದಲೇ ಕಾಣುತ್ತದೆ. ನಿಮ್ಮ ಹೊಡೆತ ತಪ್ಪುವುದೇ ಇಲ್ಲ. ಅಲ್ಲೂ ಅದೃಷ್ಟವಿದೆ, ಆದರೆ ಅದರ ಜಾಗ ಬೇರೆ: ಯಾವ ಶತ್ರು, ಯಾವ ಮನೆ, ಯಾವ ಗುರಿ ಎಂಬುದು ನಿಮ್ಮ ಸರದಿಗೆ ಮೊದಲೇ ತೀರ್ಮಾನವಾಗಿರುತ್ತದೆ. ನಿರ್ಧಾರವಾದ ಮೇಲೆ ಅದೃಷ್ಟ ತಲೆಹಾಕುವುದು ಒಂದೇ ಕಡೆ. ಏಟು ಬಿದ್ದ ಕಟ್ಟಡ ಕೆಲವೊಮ್ಮೆ ಹಾನಿಯಾಗದೆ ಉಳಿದುಕೊಳ್ಳುತ್ತದೆ, ಅದೂ ಆಡುವವರ ಲಾಭಕ್ಕೇ. ನಮ್ಮ ಹುಲಿ-ಕುರಿ ಆಟದಲ್ಲೂ ಎಲ್ಲ ಕಾಯಿ ಕಣ್ಣೆದುರೇ ಇರುತ್ತವೆ, ದಾಳ ಉರುಳುವುದಿಲ್ಲ. ಆದರೆ ಎದುರಾಳಿಯ ಮುಂದಿನ ನಡೆಯನ್ನು ನಾವೇ ಊಹಿಸಬೇಕು. ‘ಬ್ರೀಚ್’ ಆ ಊಹೆಯನ್ನೂ ತೆಗೆದುಹಾಕಿತು.

ನಾನೂ ಅದನ್ನೇ ಹಿಡಿದೆ. ಪ್ರತಿ ಆನೆಯ ಮೇಲೆ ಒಂದು ಬಾಣ. ನಮ್ಮ ಸರದಿ ಮುಗಿದ ಮೇಲೆ ಆನೆ ಆ ದಿಕ್ಕಿಗೆ ಒಂದು ಮನೆ ಹೋಗುತ್ತದೆ, ಅಲ್ಲಿ ಬೆಳೆಯಿದ್ದರೆ ಹಾಳು. ಮುಖ್ಯವಾದ ನಿಯಮ ಇದು: ಆನೆಯನ್ನು ಸರಿಸಿದರೂ ಬಾಣದ ದಿಕ್ಕು ಬದಲಾಗುವುದಿಲ್ಲ. ಉತ್ತರಕ್ಕೆ ಹೊರಟ ಆನೆ ಹೊಸ ಮನೆಯಿಂದಲೂ ಉತ್ತರಕ್ಕೇ ಹೋಗುತ್ತದೆ. ಸರಿಸಿದ ತಕ್ಷಣ ಬಾಣ ಅಳಿಸಿಹೋಗಿದ್ದರೆ ಯಾವ ಕಡೆಗೆ ತಳ್ಳಿದರೂ ನಡೆಯುತ್ತಿತ್ತು, ಆಟ ಅಲ್ಲಿಗೇ ಸಪ್ಪೆಯಾಗುತ್ತಿತ್ತು.

ಈಗ ಮೇಷ್ಟರು ಬಹಳ ಹೊತ್ತು ಕುಳಿತ ಒಂದು ಸರದಿಯನ್ನು ಬಿಡಿಸಿ ತೋರಿಸುತ್ತೇನೆ. ಕಾಗದದಲ್ಲಿ ಗೆರೆ ಎಳೆದುಕೊಂಡರೆ ನೀವೂ ಆಡಬಹುದು.

ಬೆಳೆ ಮೂರು ಕಡೆ: ಚ2ರಲ್ಲಿ ರಾಗಿ, ಪ2ರಲ್ಲಿ ಟೊಮೆಟೊ, ಟ4ರಲ್ಲಿ ಅವರೆ. ಮೊದಲ ಆನೆ ಚ3ರಲ್ಲಿದೆ, ಬಾಣ ಉತ್ತರಕ್ಕೆ, ಅಂದರೆ ರಾಗಿಗೆ. ಎರಡನೆಯದು ಪ3ರಲ್ಲಿ, ಅದೂ ಉತ್ತರಕ್ಕೆ, ಟೊಮೆಟೊಗೆ. ಮೂರನೆಯದು ತ4ರಲ್ಲಿ, ಪಶ್ಚಿಮಕ್ಕೆ, ಅವರೆಗೆ. ತಮಟೆಯವನು ಕ1ರಲ್ಲಿ, ಪಟಾಕಿಯವನು ತ1ರಲ್ಲಿ. ಪಂಜಿನವನು ಟ6ರ ಕಾಡುದಾರಿಯಲ್ಲಿ ನಿಂತಿದ್ದಾನೆ, ಅವನನ್ನು ಕದಲಿಸುವಂತಿಲ್ಲ. ಮೂರು ಅಪಾಯ, ಎರಡೇ ಕೈ.

ತಮಟೆಯವನು ಮೂರು ಹೆಜ್ಜೆಯಲ್ಲಿ ಮುಟ್ಟಬಹುದಾದದ್ದು ಮೊದಲ ಆನೆಯೊಂದನ್ನೇ. ಹಾಗಾದರೆ ಉಳಿದೆರಡನ್ನು ಒಂದೇ ಪಟಾಕಿ ಸರಿಸಬೇಕು. ಪ3, ತ4 ಎರಡಕ್ಕೂ ಪಕ್ಕವಾಗಿರುವ ಮನೆಗಳು ಎರಡೇ: ತ3 ಮತ್ತು ಪ4. ಪಟಾಕಿಯನ್ನು ಪ4ಕ್ಕೆ ಎಸೆದರೆ ಎರಡನೆಯ ಆನೆ ಉತ್ತರಕ್ಕೆ ಸರಿದು ನೇರ ಟೊಮೆಟೊ ಹೊಲಕ್ಕೆ ಬೀಳುತ್ತದೆ, ಮೂರನೆಯದು ಪಶ್ಚಿಮಕ್ಕೆ ಸರಿದು ಅವರೆ ತುಳಿಯುತ್ತದೆ. ಕಳ್ಳನಿಗೆ ನಾವೇ ಬೀಗದ ಕೈ ಕೊಟ್ಟಂತೆ. ಉಳಿದದ್ದು ತ3. ಅಲ್ಲಿ ಪಟಾಕಿ ಬಿದ್ದರೆ ಎರಡನೆಯದು ಯ3ಕ್ಕೆ ಸರಿದು ಆಮೇಲೆ ಯ2ಕ್ಕೆ ನಡೆಯುತ್ತದೆ. ಮೂರನೆಯದು ತ5ಕ್ಕೆ ಸರಿದು ಟ5ಕ್ಕೆ ನಡೆಯುತ್ತದೆ. ಎರಡೂ ಬಯಲು.

ಮೊದಲ ಆನೆಗೆ ತಮಟೆಯವನು ಕ3ಕ್ಕೆ ಇಳಿದು ಪೂರ್ವಕ್ಕೆ ತಳ್ಳಬೇಕು. ಅದು ಟ3ಕ್ಕೆ ಬಂದು, ಅಲ್ಲಿಂದ ಖಾಲಿ ಟ2ಕ್ಕೆ ಹೋಗುತ್ತದೆ. ಮೇಷ್ಟರು ಇಷ್ಟನ್ನೂ ಸರಿಯಾಗಿಯೇ ಕಂಡುಹಿಡಿದು, ಮೊದಲು ತಮಟೆ, ಆಮೇಲೆ ಪಟಾಕಿ ಎಂದರು. ತಮಟೆ ಮೊದಲಾದಾಗ ಮೊದಲ ಆನೆ ಟ3ರಲ್ಲಿ, ಅಂದರೆ ಪಟಾಕಿ ಬೀಳುವ ತ3ರ ಪಕ್ಕದಲ್ಲೇ ಇರುತ್ತದೆ. ಪಟಾಕಿ ಅದನ್ನೂ ಪಶ್ಚಿಮಕ್ಕೆ ತಳ್ಳಿ ಮತ್ತೆ ಚ3ಕ್ಕೆ ತಂದು ನಿಲ್ಲಿಸಿತು, ಬಾಣ ಇನ್ನೂ ಉತ್ತರಕ್ಕೆ. ರಾಗಿ ಹೋಯಿತು. ಅದೇ ಎರಡು ಕೆಲಸಗಳನ್ನು ಹಿಂದುಮುಂದಾಗಿ ಮಾಡಿದರೆ ಮೂರೂ ಬೆಳೆ ಉಳಿಯುತ್ತವೆ. ಅವರು ಹಲಗೆಯನ್ನೇ ನೋಡುತ್ತಾ, “ಇದರಲ್ಲಿ ದೂರುವುದಕ್ಕೆ ಯಾರೂ ಸಿಗುವುದಿಲ್ಲವಲ್ಲ” ಎಂದರು. ನನಗೆ ಬೇಕಾಗಿದ್ದ ಪ್ರಶಂಸೆ ಅದೇ.

ಅವರಿಂದಲೇ ಬಂದ ಇನ್ನೊಂದು ತಿದ್ದುಪಡಿ ಆನೆಗಳ ಮೇಲಿನ ಅಂಕಿ. ಎರಡು ಆನೆ ಒಂದರ ಹಿಂದೆ ಒಂದು ನಿಂತು ಎರಡಕ್ಕೂ ಉತ್ತರದ ಬಾಣವಿದ್ದರೆ, ಮುಂದಿನದು ಮೊದಲು ಹೊರಟಾಗ ಎರಡೂ ಮುಂದೆ ಹೋಗುತ್ತವೆ. ಹಿಂದಿನದು ಮೊದಲು ಹೊರಟರೆ ಅದು ಡಿಕ್ಕಿಯಾಗಿ ನಿಂತಲ್ಲೇ ನಿಲ್ಲುತ್ತದೆ. ಯಾರು ಮೊದಲು ಎಂದು ಬರೆಯದೆ ಬಾಣವೊಂದನ್ನೇ ತೋರಿಸಿದರೆ ಅರ್ಧ ಸತ್ಯ ಹೇಳಿದ ಹಾಗೆ. ಈಗ 1, 2, 3 ಎಂದು ದಪ್ಪ ಅಕ್ಷರದಲ್ಲಿದೆ.

ನಡೆ ಹಿಂತೆಗೆಯುವ ಸೌಲಭ್ಯದ ಬಗ್ಗೆ ಬಹಳ ತಲೆ ಕೆಡಿಸಿಕೊಂಡೆ. ಎಷ್ಟು ಸಲ ಬೇಕಾದರೂ ಎಲ್ಲವನ್ನೂ ಹಿಂತೆಗೆಯಬಹುದು ಎಂದು ಬಿಟ್ಟು ನೋಡಿದಾಗ, ಆಡಿದವರು ಯೋಚಿಸುವುದನ್ನೇ ನಿಲ್ಲಿಸಿದರು. ಪಟಾಕಿ ಎಸೆದು ನೋಡುವುದು, ಹಿಂತೆಗೆಯುವುದು, ಇನ್ನೊಂದು ಮನೆಗೆ ಎಸೆಯುವುದು. ಬೀಗಕ್ಕೆ ಗೊಂಚಲಿನ ಕೀಲಿಗಳನ್ನೆಲ್ಲ ಹಾಕಿ ನೋಡುವ ಕೆಲಸ ಅದು, ಯೋಜನೆಯಲ್ಲ. ಪೂರ್ತಿ ತೆಗೆದುಬಿಟ್ಟರೆ ಬೆರಳು ಜಾರಿ ಪಕ್ಕದ ಮನೆ ಒತ್ತಿದವರಿಗೆ ಅನ್ಯಾಯ. ಕೊನೆಗೆ ‘ಬ್ರೀಚ್’ನ ಪದ್ಧತಿಗೇ ಬಂದೆ: ನಡಿಗೆಯನ್ನು ಎಷ್ಟು ಸಲವಾದರೂ ಹಿಂತೆಗೆಯಬಹುದು, ತಮಟೆ ಅಥವಾ ಪಟಾಕಿ ಬಳಸಿದ ಮೇಲೆ ಅದು ಸಲ್ಲದು. ಇಡೀ ಸರದಿಯನ್ನು ಮೊದಲಿನಿಂದ ಆಡುವ ಅವಕಾಶ ಒಂದು ರಾತ್ರಿಗೆ ಒಂದೇ ಸಲ.

ಐದು ಸರದಿಯ ಮಿತಿಯೂ ಒಂದು ಬಗೆಯ ಗಡಿಯಾರವೇ ಅಲ್ಲವೇ ಎಂದು ತಮ್ಮ ಕೇಳಿದ. ಸರದಿಯ ಮಿತಿ ಯಾರ ಪರವಾಗಿದೆ ಎಂಬುದನ್ನು ನೋಡಬೇಕು. 2016ರ ‘ಎಕ್ಸ್‌ಕಾಮ್ 2’ರ ಹಲವು ಕಾರ್ಯಾಚರಣೆಗಳಲ್ಲಿ ಇಷ್ಟೇ ಸರದಿಯೊಳಗೆ ಗುರಿ ಮುಟ್ಟಬೇಕು. ನಿಧಾನವಾಗಿ, ಮರೆಯಿಂದ ಮರೆಗೆ ಹೋಗುವವರನ್ನು ಅದು ಬೆನ್ನುಹತ್ತುತ್ತದೆ, ಆ ಕಾರಣಕ್ಕೆ ಬೈಸಿಕೊಂಡಿದ್ದೂ ಉಂಟು. ಇಲ್ಲಿ ಸರದಿ ಕಳೆದಷ್ಟೂ ಬೆಳಗು ಹತ್ತಿರ. ಏನೂ ಮಾಡದೆ ಸರದಿ ಬಿಟ್ಟರೂ ಕಾಲ ನಮ್ಮ ಕಡೆಗೇ ಓಡುತ್ತದೆ.

ಕಂಪ್ಯೂಟರಿಗೆ ತಂದದ್ದರ ನಿಜವಾದ ಲಾಭ ಕಂಡಿದ್ದು ಪರೀಕ್ಷೆಯಲ್ಲಿ. ಮೂರು ಹೆಜ್ಜೆಯಲ್ಲಿ ಒಬ್ಬರು ನಿಲ್ಲಬಹುದಾದ ಮನೆಗಳು ಹೆಚ್ಚೆಂದರೆ 23. ಇಬ್ಬರ ಎಲ್ಲ ನಿಲುವು, ಎಲ್ಲ ಗುರಿ, ಎರಡೂ ಕ್ರಮ ಹಿಡಿದರೂ ಯಂತ್ರಕ್ಕೆ ಅದು ದೊಡ್ಡ ಲೆಕ್ಕವಲ್ಲ. ಹಾಗಾಗಿ ಪ್ರತಿ ರಾತ್ರಿಯ ಮೊದಲ ಸರದಿಯನ್ನು ಪೂರ್ತಿ ಜಾಲಾಡಿ, ಒಂದಾದರೂ ನಷ್ಟವಿಲ್ಲದ ದಾರಿ ಇದ್ದರೆ ಮಾತ್ರ ಆ ಹಲಗೆಯನ್ನು ಹೊರಗೆ ಬಿಡುವ ಪರೀಕ್ಷಕವನ್ನು ಬರೆದಿದ್ದೇನೆ. ಎರಡನೆಯ ಸರದಿಯಿಂದ ಆಚೆಗೆ ಆ ಖಾತರಿಯನ್ನು ಬೇಕೆಂದೇ ಕೊಟ್ಟಿಲ್ಲ. ಮೊದಲ ಸರದಿಯಲ್ಲಿ ಜನರನ್ನು ಎಲ್ಲಿ ನಿಲ್ಲಿಸಿದಿರಿ ಎಂಬುದರ ಫಲ ಅಲ್ಲಿ ಕಾಣಬೇಕು. ಒಮ್ಮೊಮ್ಮೆ ಟೊಮೆಟೊ ಉಳಿಸಲು ರಾಗಿ ಬಿಟ್ಟುಕೊಡಬೇಕಾಗುತ್ತದೆ. ಅಂಥ ಸರದಿಯಲ್ಲೇ ಜನ ಹೆಚ್ಚು ಹೊತ್ತು ಕೂರುತ್ತಾರೆ.

ಮುಂದಿನ ಕೆಲಸ ಎರಡು ಮನೆ ನಡೆಯುವ ಒಂಟಿ ಸಲಗ. ಅದರ ಬಾಣದ ಉದ್ದವೂ ಎರಡು ಮನೆ. ನಡುವಿನ ಮನೆಯಲ್ಲಿ ಇನ್ನೊಂದು ಆನೆ ಇದ್ದರೆ ಮೊದಲ ಹೆಜ್ಜೆಗೇ ನಿಲ್ಲುತ್ತದೆ. ಅಂದರೆ ಒಂದು ಆನೆಯನ್ನು ಇನ್ನೊಂದಕ್ಕೆ ಅಡ್ಡ ಇಡುವ ಉಪಾಯ ಹೊಸದಾಗಿ ಹುಟ್ಟುತ್ತದೆ, ಈಗಿನ ಹಲಗೆಗಳಲ್ಲಿ ಅದಕ್ಕೆ ಅವಕಾಶ ಕಡಿಮೆ. ರಟ್ಟಿನ ಹಲಗೆಯಲ್ಲಿ ಸಲಗವನ್ನು ಇಳಿಸಿ ಆಡಿ ನೋಡಿದಾಗ ಆರು ಮನೆಯ ಅಗಲ ಇಕ್ಕಟ್ಟಾಯಿತು. ಏಳಕ್ಕೆ ಏಳು ಮಾಡಿದರೆ ತಮಟೆಯವನ ಮೂರು ಹೆಜ್ಜೆ ಸಾಲುವುದಿಲ್ಲ. ನಾಲ್ಕು ಹೆಜ್ಜೆ ಕೊಟ್ಟರೆ ಮೇಲಿನ ಸಮಸ್ಯೆಯಂಥವೆಲ್ಲ ಸಡಿಲವಾಗುತ್ತವೆ, ಏಕೆಂದರೆ ಅವನು ಟ3ಕ್ಕೇ ಹೋಗಿ ಮೊದಲ ಆನೆಯನ್ನು ಪಶ್ಚಿಮಕ್ಕೆ ತಳ್ಳಿಬಿಡಬಹುದು. ಸದ್ಯಕ್ಕೆ ಏಳರ ಹಲಗೆ, ಮೂರೇ ಹೆಜ್ಜೆ, ಬೆಳೆಗಳನ್ನು ನಡುವಿಗೆ ಒತ್ತಾಗಿಡುವುದು ಎಂದು ಇಟ್ಟುಕೊಂಡು ಪರೀಕ್ಷಕವನ್ನು ಓಡಿಸುತ್ತಿದ್ದೇನೆ.