1444ರ ನವೆಂಬರ್ 11: ಪ್ರೊಜೆಕ್ಟರಿನ ನಕ್ಷೆಯಲ್ಲಿ ನಮ್ಮೂರ ಗಡಿ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಇತಿಹಾಸ ಕಲಿಸುವ ನಾನು ವಿಜಯನಗರದ ಪಾಠಕ್ಕೆ ‘ಯುರೋಪಾ ಯೂನಿವರ್ಸಾಲಿಸ್ 4’ ಎಂಬ ಕಂಪ್ಯೂಟರ್ ಆಟವನ್ನು ತರಗತಿಯ ಏಕೈಕ ಪ್ರೊಜೆಕ್ಟರಿನಲ್ಲಿ ತೋರಿಸುತ್ತೇನೆ. ಈ ಆಟ 1444ರ ನವೆಂಬರ್ 11ರಂದು ಆರಂಭವಾಗುತ್ತದೆ. ಆಗ ವಿಜಯನಗರವನ್ನು ಆಳುತ್ತಿದ್ದವನು ಇಮ್ಮಡಿ ದೇವರಾಯ.

ಮೊದಲ ಸಲ ನಾನು ಆಟದ ಕಾಲವನ್ನು ಓಡಲು ಬಿಟ್ಟು ತಪ್ಪು ಮಾಡಿದೆ. ಮೊದಲ ದಿನದ ಬಳಿಕ ಆಡುವವನ ರಾಜ್ಯವೊಂದನ್ನು ಬಿಟ್ಟು ಉಳಿದೆಲ್ಲ ರಾಜ್ಯಗಳ ನಡೆಯನ್ನೂ ಕಂಪ್ಯೂಟರೇ ನಿರ್ಧರಿಸುವುದರಿಂದ ಇತಿಹಾಸದಲ್ಲಿ ನಡೆಯದ ಯುದ್ಧಗಳು ತೆರೆಯ ಮೇಲೆ ನಡೆದವು, ಮಕ್ಕಳ ಚರ್ಚೆ ಯಾರು ಗೆದ್ದರು ಎಂಬಲ್ಲಿಗೆ ನಿಂತಿತು, ಕೆಲವರು ಆಟದ ಯುದ್ಧವನ್ನೇ ಇತಿಹಾಸವೆಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡರು. ಈಗ ನಾನು ಕಾಲವನ್ನು ಓಡಿಸುವ ಸ್ಪೇಸ್ ಕೀಲಿಯನ್ನು ಮುಟ್ಟುವುದೇ ಇಲ್ಲ. ಕಾಲ ಆ ಮೊದಲ ದಿನದಲ್ಲೇ ನಿಂತಿರುತ್ತದೆ. ಕಿಟಕಿಗಳನ್ನು ಮುಚ್ಚುವುದೂ ಅಗತ್ಯ, ಏಕೆಂದರೆ ಬೆಳಕು ಬಿದ್ದರೆ ಅಕ್ಕಪಕ್ಕದ ತಿಳಿ ಬಣ್ಣಗಳು ಒಂದಾಗಿ ಹಿಂದಿನ ಬೆಂಚಿನವರಿಗೆ ಗಡಿಯೇ ಕಾಣುವುದಿಲ್ಲ.

ರಾಜಕೀಯ ನಕ್ಷೆಯಲ್ಲಿ ಪಶ್ಚಿಮ ಕರಾವಳಿಯನ್ನು ದೊಡ್ಡದು ಮಾಡಿ ಒಂದೇ ಪ್ರಶ್ನೆ ಕೇಳುತ್ತೇನೆ: ಆ ದಿನ ನಮ್ಮ ಊರು ಯಾರ ರಾಜ್ಯದಲ್ಲಿತ್ತು? ಮಕ್ಕಳು ಒಬ್ಬೊಬ್ಬರಾಗಿ ಬಂದು ಕೋಲಿನಿಂದ ತೋರಿಸುತ್ತಾರೆ, ಮತ್ತು ಅವರ ಕೋಲು ಒಂದೇ ಕಡೆ ನಿಲ್ಲುವುದಿಲ್ಲ. ಈ ಆಟದಲ್ಲಿ ನೆಲದ ಅತಿ ಚಿಕ್ಕ ಘಟಕ ಪ್ರಾಂತ, ಒಂದು ಪ್ರಾಂತಕ್ಕೆ ಒಬ್ಬನೇ ಒಡೆಯ. ಕುಂಬಳೆಯಂಥ ಸಣ್ಣ ಅರಸುಮನೆಗೆ ಅಲ್ಲಿ ಬೇರೆ ಬಣ್ಣವಿಲ್ಲ.

ಅನಂತರ ಪರ್ಶಿಯಾದ ದೂತ ಅಬ್ದುಲ್ ರಜಾಕನ ವರದಿಗೆ ಬರುತ್ತೇನೆ. ಅಲ್ಲಿನ ದೊರೆ ಶಾರೂಖನ ಆಸ್ಥಾನದಿಂದ ಕಲ್ಲಿಕೋಟೆಗೆ ಬಂದಿದ್ದ ಅವನು, ಆಟ ಆರಂಭವಾಗುವ ಮುನ್ನಿನ ವರ್ಷ, ಅಂದರೆ 1443ರಲ್ಲಿ, ನಮ್ಮ ಈ ಕರಾವಳಿಯನ್ನು ಕಡಲಿನಿಂದಲೇ ದಾಟಿ ಮಂಗಳೂರಿನಲ್ಲಿ ಇಳಿದು ವಿಜಯನಗರಕ್ಕೆ ಹೋದನು. ಮಂಗಳೂರು ಆ ರಾಜ್ಯದ ಗಡಿಯೆಂದು ಬರೆದನು. ಊರಿನ ಹಿರಿಯರೋ ತುಳುನಾಡಿನ ಎಲ್ಲೆ ಕಾಸರಗೋಡಿನ ದಕ್ಷಿಣಕ್ಕಿರುವ ಚಂದ್ರಗಿರಿ ಹೊಳೆಯೆಂದು ಹೇಳುತ್ತಾರೆ. ಹೀಗೆ ನಕ್ಷೆ, ಪ್ರವಾಸಿ, ಹಿರಿಯರು ಎಂಬ ಮೂರು ಸಾಕ್ಷಿಗಳು ಮಕ್ಕಳ ಮುಂದೆ ನಿಲ್ಲುತ್ತವೆ.

“ಸರ್, ಅವನು ಇಳಿದದ್ದು ಅಲ್ಲಿ, ಹಾಗಾಗಿ ಅವನಿಗೆ ಗಡಿ ಅಲ್ಲಿಂದಲೇ ಶುರು ಅಲ್ವಾ?” ಎಂದು ಒಬ್ಬ ಹುಡುಗಿ ಕೇಳಿದಳು. ಕೇರಳ-ಕರ್ನಾಟಕ ಗಡಿಯಲ್ಲಿರುವ ತಲಪಾಡಿಯ ಚೆಕ್‌ಪೋಸ್ಟನ್ನು ದಿನವೂ ದಾಟುವ ಅವಳ ಗೆಳತಿ, ಹೊಳೆಯ ಎಲ್ಲೆ ಭಾಷೆಯದ್ದಿರಬಹುದು, ಬಂದರಿನದ್ದು ಆಳ್ವಿಕೆಯದ್ದಿರಬಹುದು ಎಂದಳು. ಪಠ್ಯಪುಸ್ತಕದ ನಕ್ಷೆಯನ್ನು ಎಷ್ಟೋ ವರ್ಷ ತೋರಿಸಿದ್ದರೂ ಇಂಥ ಮಾತು ನನ್ನ ತರಗತಿಯಲ್ಲಿ ಹುಟ್ಟಿರಲಿಲ್ಲ.

ಕೊನೆಯ ಹತ್ತು ನಿಮಿಷ ಪ್ರೊಜೆಕ್ಟರ್ ಆರಿಸಿ, ಕಲ್ಲಿಕೋಟೆಯಿಂದ ಮಂಗಳೂರಿನವರೆಗಿನ ಕರಾವಳಿಯನ್ನು ಬರೆದು ಬಣ್ಣ ತುಂಬಲು ಹೇಳಿದೆ. ಚಂದ್ರಗಿರಿಯಿಂದ ಉತ್ತರದ ತುಂಡಿಗೆ ಹಲವರು ಗೆರೆಯನ್ನೇ ಎಳೆಯದೆ ಎರಡು ಬಣ್ಣಗಳನ್ನು ಒಂದರ ಮೇಲೊಂದು ಉಜ್ಜಿದ್ದರು.