ನಿನ್ನ ಡ್ರಮ್ಮರ್ ಎಡಗೈ ಎಲ್ಲಿ?

ಗೆಳೆಯನೊಬ್ಬ ತಾನೇ ಬರೆದು ಹಾಡಿದ ಹಾಡೊಂದರ ಪ್ರಾಜೆಕ್ಟ್ ಫೈಲ್ ಕಳಿಸಿದ್ದ. ‘ಡ್ರಮ್ಸ್ ಒಂದು ನೋಡು ಮಾರಾಯ, ಎಂತ ಮಾಡಿದ್ರೂ ಜೀವ ಬರ್ತಾ ಇಲ್ಲ’ ಅಂತ ಜೊತೆಗೊಂದು ವಾಯ್ಸ್ ಮೆಸೇಜ್. ಭಾನುವಾರ, ಬೇರೆ ಕೆಲಸ ಇರಲಿಲ್ಲ, ಹೆಡ್‌ಫೋನ್ ಹಾಕಿಕೊಂಡು ಕೂತೆ.

ಹಾಡು 92 ಬಿಪಿಎಂ, ನಾಲ್ಕು ಬೀಟ್‌ನ ಮಾಮೂಲಿ ನಡೆ. ಗಿಟಾರ್, ಬೇಸ್, ದನಿ ಎಲ್ಲ ನಿಜವಾಗಿ ನುಡಿಸಿ ಹಾಡಿದ್ದು. ಡ್ರಮ್ಸ್ ಮಾತ್ರ ಮೌಸ್‌ನಿಂದ ಒಂದೊಂದೇ ನೋಟ್ ಕೂರಿಸಿದ್ದು. ಫೈಲ್‌ನಲ್ಲಿ ಎರಡು ಡ್ರಮ್ ಟ್ರ್ಯಾಕ್ ಇತ್ತು. ಒಂದರಲ್ಲಿ ಎಲ್ಲಾ ನೋಟ್ ಗ್ರಿಡ್ ಮೇಲೆ ಸರಿಯಾಗಿ ಕೂತಿತ್ತು, ಏಟು ಎಷ್ಟು ಜೋರು ಅಂತ ಹೇಳುವ ವೆಲಾಸಿಟಿ ಎಲ್ಲದಕ್ಕೂ 100. ಇನ್ನೊಂದರಲ್ಲಿ ಅದನ್ನೇ ಕಾಪಿ ಮಾಡಿ ಸಾಫ್ಟ್‌ವೇರ್‌ನ ಹ್ಯೂಮನೈಸ್ ಬಟನ್ ಒತ್ತಿದ್ದ. ನೋಟ್‌ಗಳು ಹದಿನೈದು ಮಿಲಿಸೆಕೆಂಡ್‌ನಷ್ಟು ಆಚೆ ಈಚೆ ಚದುರಿದ್ದವು, ವೆಲಾಸಿಟಿ ಕೂಡ ಬೇಕಾಬಿಟ್ಟಿ ಏರಿಳಿದಿತ್ತು.

ಎರಡನೆಯದು ಮೊದಲನೆಯದಕ್ಕಿಂತ ಕೆಟ್ಟದಾಗಿತ್ತು. ಮೊದಲನೆಯದು ಮಷಿನ್ ಥರ ಇತ್ತು, ಸರಿ, ಎಷ್ಟೋ ಹಾಡಿಗೆ ಅದೇ ಬೇಕು. ಎರಡನೆಯದು ಕುಡಿದು ಬಂದ ಮಷಿನ್ ಥರ ಇತ್ತು. ಒಂದನೇ ಬೀಟ್‌ನಲ್ಲಿ ಕಿಕ್ ಹದಿನೈದು ಮಿಲಿಸೆಕೆಂಡ್ ಬೇಗ, ಹೈಹ್ಯಾಟ್ ಹದಿನೈದು ತಡ ಆದರೆ ನಡುವೆ ಮೂವತ್ತರ ಅಂತರ. ಇಂಥ ಚುರುಕು ಸದ್ದುಗಳ ನಡುವೆ ಇಪ್ಪತ್ತು-ಇಪ್ಪತ್ತೈದು ದಾಟಿದರೆ ಕಿವಿಗೆ ಅದು ಒಂದು ಏಟು ಅನ್ನಿಸುವುದಿಲ್ಲ, ‘ಟ್ರಪ್’ ಅಂತ ಎರಡಾಗಿ ಕೇಳಿಸುತ್ತದೆ. ಡ್ರಮ್ಮರ್‌ಗಳು ಬೇಕು ಅಂತಲೇ ಹಾಗೆ ಬಾರಿಸುವುದುಂಟು, ಅದಕ್ಕೆ ಫ್ಲ್ಯಾಮ್ ಅಂತ ಹೆಸರು. ಇಲ್ಲಿ ಯಾರೂ ಕೇಳದ ಜಾಗದಲ್ಲೆಲ್ಲ ಫ್ಲ್ಯಾಮ್ ಹುಟ್ಟಿತ್ತು.

ಇದರ ಬಗ್ಗೆ ಜರ್ಮನಿಯ ಗೋಟಿಂಗನ್‌ನ ಸಂಶೋಧಕರು 2011ರಲ್ಲಿ ಒಂದು ಒಳ್ಳೆಯ ಕೆಲಸ ಪ್ರಕಟಿಸಿದ್ದಾರೆ. ಮನುಷ್ಯರು ಬಾರಿಸುವಾಗ ಆಗುವ ಸಣ್ಣ ವ್ಯತ್ಯಾಸಗಳನ್ನು ಅಳೆದು ನೋಡಿದರೆ ಅವು ದಾಳ ಉರುಳಿಸಿದ ಹಾಗೆ ಬಿಡಿಬಿಡಿಯಾಗಿ ಇರಲಿಲ್ಲ. ಈಗಿನ ಏಟು ಸ್ವಲ್ಪ ಮುಂದೆ ಬಂದರೆ ಅದರ ಪರಿಣಾಮ ಎಷ್ಟೋ ಹೊತ್ತು ಮುಂದಿನ ಏಟುಗಳಲ್ಲೂ ಉಳಿದಿರುತ್ತದೆ. ಅದೇ ಥರದ ವ್ಯತ್ಯಾಸ ಹಾಕಿದ ತುಣುಕು, ಸುಮ್ನೆ ಚದುರಿಸಿದ ತುಣುಕು, ಎರಡನ್ನೂ ಜನರಿಗೆ ಕೇಳಿಸಿದಾಗ ಹೆಚ್ಚಿನವರು ಮೊದಲನೆಯದನ್ನೇ ಇಷ್ಟಪಟ್ಟರು. ಬಟನ್ ಒತ್ತಿದರೆ ಸಿಗುವುದು ಸಾಮಾನ್ಯವಾಗಿ ಎರಡನೆಯದು.

ಹಾಗಾಗಿ ಆ ಟ್ರ್ಯಾಕ್ ಮ್ಯೂಟ್ ಮಾಡಿ, ಗ್ರಿಡ್ ಮೇಲೆ ಕೂತಿದ್ದ ಮೊದಲನೆಯದನ್ನೇ ಹಿಡಿದು ಶುರು ಮಾಡಿದೆ. ಅಷ್ಟರಲ್ಲಿ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಬಾರಿಸುವ ನನ್ನ ಇನ್ನೊಬ್ಬ ಗೆಳೆಯ ಮನೆಗೆ ಬಂದ. ಗಣೇಶನ ಹಬ್ಬದ ಸೀಸನ್‌ನಲ್ಲಿ ಕೈಗೇ ಸಿಗದ ಮನುಷ್ಯ, ಅವತ್ತು ಬಿಡುವಾಗಿದ್ದ. ಕಾಫಿ ಕುಡಿಯುತ್ತಾ ಎರಡು ನಿಮಿಷ ಕೇಳಿಸಿಕೊಂಡು, ‘ಗುರೂ, ನಿನ್ನ ಡ್ರಮ್ಮರ್ ಎಡಗೈ ಎಲ್ಲಿ ಇಟ್ಕೊಂಡಿದಾನೆ? ಜೇಬಲ್ಲಾ?’ ಅಂದ.

ಅವನು ಹೇಳಿದ್ದು ನಿಜ. ಬಲಗೈ ಹೈಹ್ಯಾಟ್ ಮೇಲೆ ಎಡೆಬಿಡದೆ ಓಡುತ್ತಿರುತ್ತದೆ. ಎಡಗೈಗೆ ಎರಡನೇ ಮತ್ತು ನಾಲ್ಕನೇ ಬೀಟ್‌ನಲ್ಲಿ ಸ್ನೇರ್‌ಗೆ ಒಂದೊಂದು ಜೋರು ಏಟು, ಬ್ಯಾಕ್‌ಬೀಟ್. ನಡುವಿನ ಹೊತ್ತಿನಲ್ಲಿ ಆ ಕೈ ಗಾಳಿಯಲ್ಲಿ ಸುಮ್ಮನೆ ನಿಂತಿರುವುದಿಲ್ಲ. ಕೋಲು ಸ್ನೇರ್ ಮೇಲೆ ಒಂದೆರಡು ಅಂಗುಲ ಎತ್ತರದಿಂದ ಮೆಲ್ಲಗೆ ಬೀಳುತ್ತಾ ತಾಳ ಹಿಡಿದಿರುತ್ತದೆ. ಈ ಸಣ್ಣ ಏಟುಗಳೇ ಘೋಸ್ಟ್ ನೋಟ್. ಅಮೆರಿಕದ ಫಂಕ್ ಗಾಯಕ ಜೇಮ್ಸ್ ಬ್ರೌನ್ ತಂಡದ ಡ್ರಮ್ಮರ್ ಕ್ಲೈಡ್ ಸ್ಟಬಲ್‌ಫೀಲ್ಡ್ ಬಾರಿಸಿದ್ದನ್ನು ಕೇಳಿದವರಿಗೆ ಇದು ಗೊತ್ತಿರುತ್ತದೆ. ಕಥೆ ಹೇಳುವಾಗ ಕೇಳುತ್ತಾ ಕೂತವರು ಮಧ್ಯೆ ಮಧ್ಯೆ ‘ಹೂಂ’ ಅನ್ನುತ್ತಾರಲ್ಲ, ಹಾಗೆ. ಇದ್ದಾಗ ಗಮನಕ್ಕೆ ಬರುವುದಿಲ್ಲ, ನಿಂತರೆ ಕಥೆ ಹೇಳುವವನೇ ತಡವರಿಸುತ್ತಾನೆ.

ಅವನು ಟೇಬಲ್ ಮೇಲೆ ಎರಡೂ ಕೈಯಿಂದ ತಟ್ಟಿ ತೋರಿಸಿದ. ನಾನು ಅದನ್ನೇ ನೋಡಿಕೊಂಡು ಒಂದು ಬಾರ್ ಹಾಕಿದೆ:

```
    1 . + . 2 . + . 3 . + . 4 . + .
HH  X . x . X . x . X . x . X . x .
SN  . . . . O . . g . g . . O . . g
KD  O . . . . . . . . . O . . . . .
```

ಮೇಲಿನದು ಹೈಹ್ಯಾಟ್, ನಡುವಿನದು ಸ್ನೇರ್, ಕೆಳಗಿನದು ಕಿಕ್. ಚಿಕ್ಕ g ಇರುವುದೆಲ್ಲ ಘೋಸ್ಟ್. ಮೂರೂ ಘೋಸ್ಟ್‌ಗಳು ಬಲಗೈ ಬಿಡುವಾಗಿರುವ ಜಾಗದಲ್ಲೇ ಬಿದ್ದಿವೆ ನೋಡಿ. ಕೈ ಒಂದಾದ ಮೇಲೊಂದು ಆಡುವುದರಿಂದ ಅದು ತಾನಾಗೇ ಹಾಗೆ ಬರುತ್ತದೆ. ನಾನು ನಾಲ್ಕನೇ ಬೀಟ್‌ಗಿಂತ ಒಂದು ಮನೆ ಮೊದಲೂ ಒಂದು ಘೋಸ್ಟ್ ಹಾಕಲು ಹೋದಾಗ ಅವನು ತಡೆದ. 92ರಲ್ಲಿ ಒಂದು ಮನೆ ಅಂದರೆ ಸುಮಾರು 163 ಮಿಲಿಸೆಕೆಂಡ್. ಅಷ್ಟರಲ್ಲಿ ಮೆಲ್ಲಗೆ ತಟ್ಟಿ, ಅದೇ ಕೈಯನ್ನು ಮೇಲೆತ್ತಿ, ಜೋರಾಗಿ ಹೊಡೆಯಬೇಕು. ಪಳಗಿದವರು ಮಾಡುತ್ತಾರೆ. ಆದರೆ ಅಲ್ಲಿ ಹಾಕುವುದಾದರೆ ಅದು ಎಲ್ಲಕ್ಕಿಂತ ಮೆಲ್ಲಗೆ ಇರಬೇಕು, ಇಲ್ಲದಿದ್ದರೆ ಎರಡು ಎಡಗೈ ಇರುವವನು ಬಾರಿಸಿದ ಹಾಗೆ ಕೇಳಿಸುತ್ತದೆ.

ವೆಲಾಸಿಟಿ 1ರಿಂದ 127ರವರೆಗೆ ಹೋಗುತ್ತದೆ ಅಲ್ವಾ. ಬ್ಯಾಕ್‌ಬೀಟ್‌ಗಳನ್ನು 108ರಿಂದ 114ರ ಒಳಗೆ ಇಟ್ಟೆ, ಘೋಸ್ಟ್‌ಗಳನ್ನು 24ರಿಂದ 38ರ ಒಳಗೆ. ಇವೆರಡರ ನಡುವಿನ ಜಾಗವನ್ನು ಖಾಲಿ ಬಿಟ್ಟೆ. ಘೋಸ್ಟ್‌ಗೆ 60-70 ಕೊಟ್ಟರೆ ಅದು ಘೋಸ್ಟ್ ಆಗಿ ಉಳಿಯುವುದಿಲ್ಲ, ತಪ್ಪಿ ಬಿದ್ದ ಏಟು ಅನ್ನಿಸುತ್ತದೆ. ಹೈಹ್ಯಾಟ್‌ನಲ್ಲಿ ಬೀಟ್ ಮೇಲೆ ಬೀಳುವುದಕ್ಕೆ 90ರ ಆಸುಪಾಸು, ನಡುವಿನದಕ್ಕೆ 60ರ ಆಸುಪಾಸು. ಒಂದೇ ನಂಬರ್ ಸತತವಾಗಿ ಬರದ ಹಾಗೆ ನೋಡಿಕೊಂಡೆ, ಆದರೆ ಜೋರು-ಮೆಲ್ಲಗೆ ಅನ್ನುವ ಕ್ರಮ ಮಾತ್ರ ಕೆಡಿಸಲಿಲ್ಲ. ಈ ನಂಬರ್‌ಗಳನ್ನು ಹಾಗೇ ಕಾಪಿ ಮಾಡಬೇಡಿ. ಡ್ರಮ್ ಸದ್ದುಗಳ ಒಂದು ಲೈಬ್ರರಿಯಲ್ಲಿ 30 ಚೆನ್ನಾಗಿ ಕೇಳಿಸಿದರೆ ಇನ್ನೊಂದರಲ್ಲಿ ಕೇಳಿಸುವುದೇ ಇಲ್ಲ.

ಇಷ್ಟಾದ ಮೇಲೆ ಪ್ಲೇ ಒತ್ತಿದರೆ ಘೋಸ್ಟ್ ಒಂದೂ ಇಲ್ಲ! ಪಿಯಾನೋ ರೋಲ್‌ನಲ್ಲಿ ಕಾಣುತ್ತಿವೆ, ಕಿವಿಗೆ ಮಾತ್ರ ಬೀಳುತ್ತಿಲ್ಲ. ವೆಲಾಸಿಟಿ ಏರಿಸುತ್ತಾ ಹೋದರೆ 60 ದಾಟಿದ ಮೇಲೆ ದಿಢೀರ್ ಅಂತ ಬಂತು. ಮೆಲ್ಲಗೆ ಏರುತ್ತಾ ಬರುವ ಬದಲು ಹೀಗೆ ಬಾಗಿಲು ತೆರೆದ ಹಾಗೆ ಬಂದರೆ ಅಲ್ಲೆಲ್ಲೋ ನಾಯ್ಸ್ ಗೇಟ್ ಇರುವ ಸಾಧ್ಯತೆಯೇ ಹೆಚ್ಚು. ಸ್ನೇರ್ ಚಾನೆಲ್ ತೆರೆದು ನೋಡಿದರೆ ಕಿಟ್ ಪ್ರಿಸೆಟ್‌ನ ಜೊತೆಗೇ ಒಂದು ಗೇಟ್ ಬಂದಿತ್ತು, ಮೆಲ್ಲನೆಯದನ್ನೆಲ್ಲ ಕತ್ತರಿಸಿ ಬಿಸಾಡುತ್ತಿತ್ತು. ಅದನ್ನು ಆಫ್ ಮಾಡಿ ವೆಲಾಸಿಟಿ ವಾಪಸ್ ಇಳಿಸಿದೆ. ಕಂಪ್ರೆಸರ್ ಇದಕ್ಕೆ ಉಲ್ಟಾ. ಜೋರು ಏಟನ್ನು ಅಮುಕಿ ಒಟ್ಟು ಲೆವೆಲ್ ಏರಿಸುವುದರಿಂದ ಘೋಸ್ಟ್‌ಗಳು ಮುಂದೆ ಬಂದು ಕೂರುತ್ತವೆ. ಅದಕ್ಕೇ ವೆಲಾಸಿಟಿ ಹೊಂದಿಸುವಾಗ ಕಂಪ್ರೆಸರ್ ಆನ್ ಇರಬೇಕು. ಆಮೇಲೆ ಹಾಕಿದರೆ ಮಾಡಿದ ಕೆಲಸ ಮತ್ತೆ ಮಾಡಬೇಕು.

ವಾಲ್ಯೂಮ್ ಇಳಿಸಿ ಘೋಸ್ಟ್ ಮಾಡುವವರೂ ಇದ್ದಾರೆ. ಅದು ಆಗುವುದಿಲ್ಲ. ಒಳ್ಳೆಯ ಡ್ರಮ್ ಲೈಬ್ರರಿಯಲ್ಲಿ ವೆಲಾಸಿಟಿ ಬದಲಾದರೆ ಬೇರೆ ರೆಕಾರ್ಡಿಂಗೇ ಬರುತ್ತದೆ. ಮೆಲ್ಲನೆ ತಟ್ಟಿದಾಗ ಸ್ನೇರ್‌ನ ಕೆಳಗಿನ ತಂತಿಗಳು ‘ಸ್ಸ್’ ಅಂತ ಅಲುಗುವುದೇ ಹೆಚ್ಚು ಕೇಳಿಸುತ್ತದೆ. ಜೋರು ಏಟಿನ ವಾಲ್ಯೂಮ್ ಇಳಿಸಿದರೆ ದೂರದಲ್ಲಿ ಯಾರೋ ಜೋರಾಗಿ ಹೊಡೆದ ಹಾಗೆ ಇರುತ್ತದೆ, ಅಷ್ಟೇ. ಸ್ನೇರ್ ಸೋಲೋ ಮಾಡಿ ಕೇಳಿದರೆ ಗೊತ್ತಾಗಿಬಿಡುತ್ತದೆ.

ಇನ್ನು ಟೈಮಿಂಗ್. ಇಲ್ಲಿ ನಾನು ಹೈಹ್ಯಾಟ್ ಮುಟ್ಟಲಿಲ್ಲ. ಏನಾದರೂ ಒಂದು ಗಡಿಯಾರದ ಥರ ನಿಂತಿರಬೇಕು, ಅದಕ್ಕೆ ಹೋಲಿಸಿದಾಗಲೇ ಉಳಿದದ್ದು ಹಿಂದೆ ಮುಂದೆ ಅನ್ನಿಸುವುದು. ಕಿಕ್ ಕೂಡ ಅಲ್ಲೇ. ಜರುಗಿಸಿದ್ದು ಬ್ಯಾಕ್‌ಬೀಟ್ ಮತ್ತು ಘೋಸ್ಟ್‌ಗಳನ್ನು.

ಬ್ಯಾಕ್‌ಬೀಟ್ ಎಷ್ಟು ತಡವಾಗಿ ಬೀಳಬೇಕು ಅನ್ನುವುದನ್ನು ಗಿಟಾರ್‌ಗೆ ಕೇಳಿದೆ. ಹಾಡು ಕಳಿಸಿದ ಗೆಳೆಯ ಕ್ಲಿಕ್ ಕೇಳಿಸಿಕೊಂಡೇ ನುಡಿಸಿದ್ದ, ಆದರೂ ಅಕೂಸ್ಟಿಕ್ ಗಿಟಾರ್‌ನ ಒಂದು ಸ್ಟ್ರಮ್ ಒಂದೇ ಕ್ಷಣದಲ್ಲಿ ಆಗುವುದಿಲ್ಲ, ಪಿಕ್ ಆರು ತಂತಿ ದಾಟುವುದಕ್ಕೆ ಹೊತ್ತು ಹಿಡಿಯುತ್ತದೆ. ವೇವ್‌ಫಾರ್ಮ್ ಹಿಗ್ಗಿಸಿ ನೋಡಿದಾಗ ಎರಡು ಮತ್ತು ನಾಲ್ಕನೇ ಬೀಟ್‌ನಲ್ಲಿ ಮೊದಲ ತಂತಿ ಗ್ರಿಡ್ ಹತ್ತಿರವೇ ಇತ್ತು, ಸ್ಟ್ರಮ್‌ನ ಜೋರು ಭಾಗ ಹತ್ತು ಮಿಲಿಸೆಕೆಂಡ್ ಆಚೆ ಇತ್ತು. ಗ್ರಿಡ್ ಮೇಲಿದ್ದ ಸ್ನೇರ್ ಪ್ರತಿ ಸಲವೂ ಗಿಟಾರ್‌ನ ಬೆನ್ನಿಗೆ ಗುದ್ದಿ ಓಡಿಸುತ್ತಿತ್ತು. ಜೀವ ಇಲ್ಲ ಅಂತ ಅವನು ಹೇಳಿದ್ದರಲ್ಲಿ ಅರ್ಧ ಇದೇ ಇರಬೇಕು. ನನ್ನ ಸಾಫ್ಟ್‌ವೇರ್‌ನಲ್ಲಿ ಒಂದು ಬೀಟ್‌ಗೆ 960 ಟಿಕ್, 92ರ ವೇಗದಲ್ಲಿ ಒಂದು ಟಿಕ್ ಸುಮಾರು 0.68 ಮಿಲಿಸೆಕೆಂಡ್. ಸ್ನೇರ್ ಅನ್ನು 12 ಟಿಕ್, ಅಂದರೆ ಎಂಟು ಮಿಲಿಸೆಕೆಂಡ್ ತಡವಾಗಿ ಬೀಳುವ ಹಾಗೆ ಜರುಗಿಸಿದೆ. ಎಲ್ಲ ಬ್ಯಾಕ್‌ಬೀಟ್‌ಗೂ ಹೆಚ್ಚುಕಮ್ಮಿ ಅಷ್ಟೇ, ಒಂದೆರಡು ಟಿಕ್ ಅತ್ತಿತ್ತ. ಕಣ್ಣಿಗೆ ನೋಡಿದರೆ ನೋಟ್ ಅಲುಗಿದ್ದೇ ಗೊತ್ತಾಗುವುದಿಲ್ಲ, ಆದರೆ ಸ್ಟ್ರಮ್ ಮತ್ತು ಸ್ನೇರ್ ಒಟ್ಟಿಗೆ ಕೂತವು.

ಕೋರಸ್‌ನಲ್ಲಿ ಗಿಟಾರ್‌ನವನು ಹುಮ್ಮಸ್ಸಿಗೆ ಬಿದ್ದು ತುಸು ಮುಂದೆ ಬಂದಿದ್ದ. ಅಲ್ಲಿ ಸ್ನೇರ್ ಕೂಡ ಹಿಂದೆ ಉಳಿಯುವುದು ಬೇಡ ಅಂತ 4 ಟಿಕ್‌ಗೆ ಇಳಿಸಿದೆ. ಒಮ್ಮೆಲೇ ಅಲ್ಲ, ಕೋರಸ್‌ಗೆ ಮುಂಚಿನ ಎರಡು ಬಾರ್‌ನಲ್ಲಿ ಸ್ವಲ್ಪ ಸ್ವಲ್ಪವೇ. ಗೋಟಿಂಗನ್‌ನವರ ಲೆಕ್ಕಾಚಾರವನ್ನೆಲ್ಲ ನಾನೇನೂ ಮಾಡಲಿಲ್ಲ. ಪ್ರತಿ ನೋಟ್ ತನ್ನ ಹಿಂದಿನದನ್ನು ನೆನಪಿಟ್ಟುಕೊಂಡಿರಬೇಕು ಅನ್ನುವಷ್ಟು ಮಾತ್ರ ಎರವಲು ಪಡೆದೆ.

ಘೋಸ್ಟ್‌ಗಳಿಗೆ 53 ಪರ್ಸೆಂಟ್ ಸ್ವಿಂಗ್ ಕೊಟ್ಟೆ. ರೋಜರ್ ಲಿನ್ ತನ್ನ ಡ್ರಮ್ ಮಷಿನ್‌ಗಳಲ್ಲಿ ತಂದು, ಆಮೇಲೆ 1988ರ ಅಕಾಯ್ ಎಂಪಿಸಿ60 ಮೂಲಕ ಎಲ್ಲೆಡೆ ಹಬ್ಬಿದ ಅಳತೆ ಇದು. 50 ಅಂದರೆ ನೇರ, 66 ಅಂದರೆ ಪೂರಾ ಶಫಲ್. 53 ಅಂದರೆ ಈ ವೇಗದಲ್ಲಿ ಘೋಸ್ಟ್ ಹತ್ತು ಮಿಲಿಸೆಕೆಂಡ್ ತಡವಾಗಿ ಬರುತ್ತದೆ. 58ಕ್ಕೆ ಏರಿಸಿ ನೋಡಿದೆ, ಹಾಡು ಕುಣಿಯಲು ಶುರು ಮಾಡಿತು. ಸಾಹಿತ್ಯ ವಿರಹದ್ದು. ವಾಪಸ್ 53.

ಹೊರಡುವ ಮುಂಚೆ ಡ್ರಮ್ಮರ್ ಗೆಳೆಯ ಕೊನೆಯ ಸಲ ಕೇಳಿ, ಎರಡನೇ ಕೋರಸ್‌ಗೆ ಮುಂಚಿನ ಫಿಲ್ ಹತ್ತಿರ ನಿಲ್ಲಿಸಲು ಹೇಳಿದ. ‘ಎರಡೂ ಕೈ ಟಾಮ್ ಮೇಲಿದೆ, ಹೈಹ್ಯಾಟ್ ಯಾರು ಹೊಡೀತಿದಾರೆ?’ ಅಲ್ಲಿನ ನಾಲ್ಕು ಹೈಹ್ಯಾಟ್ ಅಳಿಸಿದೆ. ಕ್ರ್ಯಾಶ್ ಬೀಳುವ ಜಾಗದಲ್ಲೂ ಒಂದು ಅಳಿಸಿದೆ. ಆ ಒಂದು ಕ್ಷಣದ ಖಾಲಿಯಿಂದಲೇ ಫಿಲ್‌ಗೆ ಇನ್ನಷ್ಟು ಬಲ ಬಂತು.

ಬೇಸ್ ಮಾತ್ರ ಇನ್ನೂ ಪೂರ್ತಿ ಸರಿಯಾಗಿಲ್ಲ. ಅದನ್ನು ನುಡಿಸಿದವರು ಗ್ರಿಡ್ ಮೇಲಿದ್ದ ಹಳೆಯ ಸ್ನೇರ್ ಕೇಳಿಸಿಕೊಂಡು ನುಡಿಸಿದ್ದು. ಎರಡು, ನಾಲ್ಕನೇ ಬೀಟ್‌ನ ಬೇಸ್ ನೋಟ್‌ಗಳು ಈಗ ಸ್ನೇರ್‌ಗಿಂತ ಒಂದು ಕೂದಲು ಮುಂದೆ ಬೀಳುತ್ತವೆ. ಒಂದೊಂದೇ ಕತ್ತರಿಸಿ ಜರುಗಿಸಬಹುದಿತ್ತು, ಆದರೆ ಅವರ ನುಡಿಸಾಣಿಕೆ ಚೆನ್ನಾಗಿದೆ, ಕೈ ಹಾಕಲು ಮನಸ್ಸು ಬರಲಿಲ್ಲ. ಹೊಸ ಡ್ರಮ್ಸ್ ಕೇಳಿಸಿ ಆ ಹಾಡಿನ ಬೇಸ್ ಇನ್ನೊಮ್ಮೆ ರೆಕಾರ್ಡ್ ಮಾಡಿಸು ಅಂತ ಗೆಳೆಯನಿಗೆ ಹೇಳಿ ಫೈಲ್ ಕಳಿಸಿದೆ.