ಇಂಟರ್‌ಲಾಕ್ ಅಂಗಳ ಕುಸಿಯದಿರಲು ಕೆಳಗೆ ಏನಿರಬೇಕು?

“ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸ್ತಾ ಇದೀವಿ. ಕೆಳಗೆ ಜಲ್ಲಿ ಎಷ್ಟು ಇಂಚು, ಮರಳು ಎಷ್ಟು ಇಂಚು? ಆ ಬಟ್ಟೆ ಥರದ್ದು ಬೇಕೇ ಬೇಕಾ?”

ಕಾರು ನಿಲ್ಲುವುದಾದರೆ ದಮ್ಮಸ್ ಹೊಡೆದ ಮೇಲೆ ಜಲ್ಲಿ 8 ಇಂಚು ಉಳಿಯಬೇಕು. ಬರೀ ಓಡಾಡುವುದಕ್ಕೆ 4 ಇಂಚು ಸಾಕು. ಅದರ ಮೇಲೆ ಬ್ಲಾಕ್ ಕೂರುವ ಮರಳಿನ ಅಥವಾ ಸಣ್ಣ ಕಲ್ಲುಚೂರಿನ ಹಾಸು ಒಂದೂಕಾಲು ಇಂಚು. ಜೇಡಿ ಮಣ್ಣಾದರೆ ಬಟ್ಟೆ, ಅಂದರೆ ಜಿಯೋಟೆಕ್ಸ್‌ಟೈಲ್, ಬೇಕೇ ಬೇಕು. ಆದರೆ ಇಂಚಿನ ಲೆಕ್ಕ ಸರಿಯಿದ್ದೂ ಅಂಗಳ ಕುಸಿಯಬಹುದು. ಯಾವ ಪದರದ ಮೇಲೆ ಯಾವುದು ಕೂರುತ್ತದೆ ಅನ್ನೋದೇ ಮುಖ್ಯ.

ಸಾಗರದ ಕಡೆಯ ಒಂದು ಮನೆಯ ಅಂಗಳ ಹೇಳುತ್ತೇನೆ. 20 ಅಡಿಗೆ 30 ಅಡಿ. 40 ಎಂಎಂ ಜಲ್ಲಿ ದಪ್ಪಗೆ ಹಾಕಿ, ನೇರವಾಗಿ ಅದರ ಮೇಲೆ ಎಂ ಸ್ಯಾಂಡ್ ಹರಡಿ, ಇಂಟರ್‌ಲಾಕ್ ಜೋಡಿಸಿದ್ದರು. ಎರಡನೇ ಮಳೆಗಾಲಕ್ಕೆ ಕಾರಿನ ಚಕ್ರ ಹೋಗುವ ಕಡೆ ಎರಡು ಕಾಲುವೆಯ ಹಾಗೆ ತಗ್ಗಾಯಿತು. ನಾಲ್ಕು ಬ್ಲಾಕ್ ಎಬ್ಬಿಸಿ ನೋಡಿದರೆ ಮರಳೇ ಇಲ್ಲ! ಜಲ್ಲಿಯ ಸಂದಿಯೊಳಗೆ ಇಳಿದುಹೋಗಿತ್ತು. ಜಲ್ಲಿಯ ತಳಕ್ಕೆ ಕೆಳಗಿನ ಜೇಡಿಯೂ ಮೇಲೇರಿ ಅಂಟಿಕೊಂಡಿತ್ತು.

ಇದಕ್ಕೆ ಮಣ್ಣಿನ ಎಂಜಿನಿಯರುಗಳ ಹಳೆಯ ನಿಯಮವೊಂದಿದೆ. ಮೇಲಿನ ಪದರದ ದೊಡ್ಡ ಕಾಳಿನ ಸುಮಾರು 5 ಪಟ್ಟಿಗಿಂತ ಕೆಳಗಿನ ಪದರದ ಸಣ್ಣ ಕಲ್ಲು ದೊಡ್ಡದಿರಬಾರದು. ಮರಳಿನ ದೊಡ್ಡ ಕಾಳು ಎರಡು ಎರಡೂವರೆ ಎಂಎಂ ಅಂದುಕೊಳ್ಳಿ. ಐದು ಪಟ್ಟು ಅಂದರೆ 12 ಎಂಎಂ. 40 ಎಂಎಂ ಜಲ್ಲಿಯ ಸಣ್ಣ ಕಲ್ಲೇ 25 ಎಂಎಂ ಹತ್ತಿರ ಇರುತ್ತದೆ. ಹಾಗಿದ್ದ ಮೇಲೆ ಮರಳು ನಿಲ್ಲೋದಾದರೂ ಹೇಗೆ?

ಹಾಗಾಗಿ ಆ ಅಂಗಳವನ್ನು ಮತ್ತೆ ಮಾಡುವಾಗ ಬ್ಲಾಕ್‌ನ ಕೆಳಗೆ ಹಾಸುವುದಕ್ಕೆ ಮರಳು ಬಿಟ್ಟು 6 ಎಂಎಂ ಕಲ್ಲಿನ ಚಿಪ್ಸ್ ಆರಿಸಿಕೊಂಡೆವು. ಅದರ ಕೆಳಗೆ 20 ಎಂಎಂ ಜಲ್ಲಿ 3 ಇಂಚು, ಅದರ ಕೆಳಗೆ 40 ಎಂಎಂ 5 ಇಂಚು. ಪ್ರತಿ ಪದರವೂ ಕೆಳಗಿನದರ ಮೇಲೆ ನಿಲ್ಲುತ್ತದೆ, ನೀರು ಮಾತ್ರ ಇಳಿಯುತ್ತದೆ. 600 ಚದರಡಿಗೆ 40 ಎಂಎಂ ಸುಮಾರು 250 ಘನ ಅಡಿ, 20 ಎಂಎಂ 150, ಚಿಪ್ಸ್ 65. ಇದು ದಮ್ಮಸ್ ಆದ ಮೇಲಿನ ಲೆಕ್ಕ, ತರಿಸುವಾಗ ಜಾಸ್ತಿ ಹೇಳಬೇಕು. ಜಲ್ಲಿಯಲ್ಲಿ ಪುಡಿ ಬೆರೆತಿರಬಾರದು. ಒಂದು ಹಿಡಿ ಬಕೆಟ್ ನೀರಿಗೆ ಹಾಕಿ ಕಲಸಿ. ನೀರು ಗಂಜಿಯಾದರೆ ಲೋಡ್ ವಾಪಸ್ ಕಳಿಸಿ.

ಮಳೆ ಅಷ್ಟಿಲ್ಲದ ಊರಲ್ಲಿ, ಗಟ್ಟಿ ನೆಲದ ಮೇಲೆ, ದಪ್ಪ ಸಣ್ಣ ಎಲ್ಲ ಬೆರೆತ ಜಿಎಸ್‌ಬಿ ಹಾಕಿ ಮೇಲೆ ದಪ್ಪ ಕಾಳಿನ ಮರಳು ಹಾಸುವುದೂ ಸರಿಯೇ. ಸಂದಿ ತುಂಬಿರುವುದರಿಂದ ಮರಳು ಇಳಿಯಲ್ಲ. ಆದರೆ ನೀರೂ ನಿಧಾನ, ಹಾಗಾಗಿ ಮೇಲಿನ ಇಳಿಜಾರನ್ನೇ ನಂಬಬೇಕು. ಎರಡೂ ಪದ್ಧತಿಯನ್ನು ಅರ್ಧರ್ಧ ಬೆರೆಸೋದು ಮಾತ್ರ ಬೇಡ. ಗಾರೆಯ ನಯವಾದ ಪಿ ಸ್ಯಾಂಡ್, ಕ್ರಷರ್ ಡಸ್ಟ್ ಎರಡಕ್ಕೂ ಬೇಡ. ಅವು ನೀರು ಹಿಡಿದುಕೊಳ್ಳುತ್ತವೆ. ಮಳೆಯಲ್ಲಿ ಕಾರು ಹಾದಾಗ ಸಂದಿಯಿಂದ ಕೆಸರುನೀರು ಚಿಮ್ಮಿದರೆ ಒಳಗೆ ಅದೇ ನಡೀತಿದೆ ಅಂತ ತಿಳಿಯಿರಿ.

ಇನ್ನು ಬಟ್ಟೆ. ಜೇಡಿಗೂ ಜಲ್ಲಿಗೂ ಕಾಳಿನ ಅಂತರ ಎಷ್ಟಿದೆ ಅಂದರೆ ಅಲ್ಲಿ ಯಾವ ಕಲ್ಲೂ ಮೆಟ್ಟಿಲಾಗಲ್ಲ. ಆ ಜಾಗಕ್ಕೇ ಬಟ್ಟೆ. ಕಂಬಳಿಯ ಹಾಗೆ ಮುಟ್ಟಿದರೆ ಮೆತ್ತಗಿರುವ, ನೇಯದ ಬಗೆಯದು ತನ್ನಿ. ಚದರ ಮೀಟರಿಗೆ 200 ಗ್ರಾಂ ತೂಕದ್ದು ಸಾಕು. ಒಂದು ತುಂಡಿನ ಮೇಲೆ ಇನ್ನೊಂದು ಒಂದಡಿ ಹೊದೆಯಬೇಕು, ಅಂಚಿನಲ್ಲಿ ಗುಂಡಿಯ ಗೋಡೆಗೆ ಮಡಚಿ ಏರಿಸಬೇಕು. ಕೆಲವು ಮೇಸ್ತ್ರಿಗಳು “ಪ್ಲಾಸ್ಟಿಕ್ ಶೀಟೇ ಸಾಕು ಸಾರ್” ಅಂತಾರೆ. ಅದನ್ನು ಹಾಸಿದರೆ ಅಂಗಳದ ಕೆಳಗೆ ನೀರಿನ ತೊಟ್ಟಿ ಕಟ್ಟಿದ ಹಾಗೆ.

ಜೇಡಿಯೊಳಗೆ ಇಳಿದ ನೀರು ಬೇಗ ಇಂಗಲ್ಲ. ಆದ್ದರಿಂದ ಗುಂಡಿಯ ತಳಕ್ಕೇ 5 ಅಡಿಗೆ 1 ಇಂಚು ಇಳಿಜಾರು ಕೊಟ್ಟೆವು. ತಗ್ಗಿನ ಬದಿಯಲ್ಲಿ 4 ಇಂಚಿನ ತೂತಿನ ಪೈಪ್ ಮಲಗಿಸಿ ಚರಂಡಿಗೆ ಬಿಟ್ಟೆವು. ಈ ಪೈಪ್ ಇಲ್ಲದೆ ಸುತ್ತಲೂ ಕಾಂಕ್ರೀಟ್ ಕರ್ಬ್ ಕಟ್ಟಿದರೆ ನೀರಿಗೆ ದಾರಿಯೇ ಇರಲ್ಲ. ಕರ್ಬ್ ಬೇಡ ಅಂತಲ್ಲ, ಅದಿಲ್ಲದಿದ್ದರೆ ಬ್ಲಾಕ್‌ಗಳು ಪಕ್ಕಕ್ಕೆ ಸರಿಯುತ್ತವೆ.

ಜಲ್ಲಿಯನ್ನು ಮೂರು ನಾಲ್ಕು ಇಂಚಿಗೊಮ್ಮೆ ಪ್ಲೇಟ್ ಕಂಪ್ಯಾಕ್ಟರಿನಲ್ಲಿ ಬಡಿಯಬೇಕು. ಚಿಪ್ಸ್ ಹಾಸುವಾಗ ಒಂದು ಇಂಚಿನ ಜಿಐ ಪೈಪ್ ಎರಡು ಮಲಗಿಸಿ, ಅವುಗಳ ಮೇಲೆ ಅಲ್ಯೂಮಿನಿಯಂ ಪಟ್ಟಿ ಎಳೆಯಿರಿ. ಆ ಪೈಪಿನ ಹೊರ ಅಳತೆ ಒಂದೂಕಾಲು ಇಂಚಿಗಿಂತ ಚೂರು ಜಾಸ್ತಿ, ಬೇಕಾದ ದಪ್ಪ ತಾನೇ ಬರುತ್ತದೆ. ಜಲ್ಲಿಯ ತಗ್ಗನ್ನು ಚಿಪ್ಸ್‌ನಿಂದ ತುಂಬಿ ಮಟ್ಟ ಮಾಡಬೇಡಿ. ದಪ್ಪ ಹಾಸಿದ ಕಡೆಯೇ ಆಮೇಲೆ ಕೂರುತ್ತದೆ.

ಎರೆ ಮಣ್ಣಿನ ಊರಿನವರಿಗೆ ಇಷ್ಟು ಸಾಲದು. ಆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಬಟ್ಟೆ ಅದನ್ನು ತಡೆಯಲ್ಲ. ಮೇಲಿನ ಎರೆ ತೆಗೆದು ಗೊರಚು ತುಂಬಿ ಗಟ್ಟಿ ಮಾಡಿಕೊಂಡೇ ಶುರು ಮಾಡಬೇಕು. ಹಾಗೇ ಹೊಸ ಮನೆಯಾದರೆ ಪಾಯದ ಪಕ್ಕದ ಎರಡು ಮೂರು ಅಡಿಯನ್ನೂ ಸಂಪಿನ ಸುತ್ತಲನ್ನೂ ಒಮ್ಮೆ ಹಾರೆಯಿಂದ ಚುಚ್ಚಿ ನೋಡಿ. ಸಲೀಸಾಗಿ ಇಳಿದರೆ ಅದು ಸಡಿಲವಾಗಿ ತುಂಬಿದ ಮಣ್ಣು. ಅದನ್ನು ತೆಗೆದು, ಪದರ ಪದರವಾಗಿ ದಮ್ಮಸ್ ಹೊಡೆದು ತುಂಬಿಸಿದ ಮೇಲೆಯೇ ಬಟ್ಟೆ ಹಾಸಿ.